ಕ್ರಿಯಾಪದಗಳ ಪಟ್ಟಿ, ನಾಲ್ಕನೆಯ ವಾರ: ‘-ಗೆ’ ಪದಗಳ ಜಗಳ

ಕನ್ನಡದ ಪ್ರತಿ ಕ್ರಿಯಾಪದದ ಮುಂದೆ ಅದು ಯಾವ ವಿಭಕ್ತಿಯ ಪದಗಳನ್ನು ಬೇಡುತ್ತದೆ ಎಂದು ಬರೆದಿಡುವುದು ನನ್ನ ಕೆಲಸ. ಕ್ರಿಯಾಪದ ತಾನಾಗಿ ಬೇಡುವುದು ಆರ್ಗ್ಯುಮೆಂಟ್. ಅದು ಬೇಡದಿದ್ದರೂ ನಾವು ಸೇರಿಸುವುದು ಅಡ್ಜಂಕ್ಟ್. ಈ ವಾರ ‘-ಗೆ’ ಹತ್ತಿದ ಪದಗಳು ನನ್ನನ್ನು ಮೂರು ದಿನ ಕಾಡಿದವು.

ಮೊದಲು ಪದವನ್ನು ಬಿಟ್ಟು ನೋಡಿದೆ. ವಾಕ್ಯ ಕೆಟ್ಟರೆ ಆರ್ಗ್ಯುಮೆಂಟ್ ಎಂಬ ಲೆಕ್ಕ ಇಂಗ್ಲಿಷಿಗೆ ತಕ್ಕಮಟ್ಟಿಗೆ ಸರಿ. ಕನ್ನಡದಲ್ಲಿ ‘ಕೊಟ್ಟಳು’ ಎಂಬ ಒಂದೇ ಮಾತು ಪೂರ್ಣ ವಾಕ್ಯ. ಯಾರು, ಏನನ್ನು, ಯಾರಿಗೆ ಎಂಬುದನ್ನು ಸಂದರ್ಭವೇ ತುಂಬುತ್ತದೆ. ಹಾಗಾಗಿ ಎರಡು ದಿನ ತುಂಬಿದ ಕಾಲಂ ಅನ್ನು ಪೂರ್ತಿ ಅಳಿಸಿದೆ.

ಅದರ ಬದಲು ವಾಕ್ಯಕ್ಕೆ ಬಾಲ ಕಟ್ಟಿ ನೋಡಿದೆ. ‘ಅಮ್ಮ ದೋಸೆ ಮಾಡಿದ್ದಾಳೆ, ಯಾರಿಗೆಂದು ಇನ್ನೂ ತೀರ್ಮಾನಿಸಿಲ್ಲ’ ಎನ್ನಬಹುದು. ‘ಅಮ್ಮ ಪತ್ರ ಕೊಟ್ಟಿದ್ದಾಳೆ, ಯಾರಿಗೆಂದು ಇನ್ನೂ ತೀರ್ಮಾನಿಸಿಲ್ಲ’ ಎಂದರೆ ಕೇಳಿದವರು ಹುಬ್ಬುಗಂಟಿಕ್ಕುತ್ತಾರೆ. ಪಡೆಯುವವನಿಲ್ಲದೆ ಕೊಡುವುದು ನಡೆಯುವುದೇ ಇಲ್ಲ. ಬಾಯಲ್ಲಿ ಹೇಳದಿದ್ದರೂ ಅವನು ಅರ್ಥದಲ್ಲಿ ಇದ್ದೇ ಇರುತ್ತಾನೆ.

ಎರಡನೆಯ ಪರೀಕ್ಷೆಯಲ್ಲಿ ‘-ಗೆ’ ತೆಗೆದು ‘-ಗಾಗಿ’ ಹಾಕಬೇಕು. ‘ಮಗುವಿಗೆ ದೋಸೆ ಮಾಡಿದಳು’, ‘ಮಗುವಿಗಾಗಿ ದೋಸೆ ಮಾಡಿದಳು’: ಅರ್ಥ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಅಡ್ಜಂಕ್ಟ್. ‘ಅಕ್ಕನಿಗೆ ಪತ್ರ ಕೊಟ್ಟಳು’ ಎಂಬುದನ್ನು ‘ಅಕ್ಕನಿಗಾಗಿ’ ಎಂದು ಬದಲಿಸಿದರೆ ಪತ್ರ ಬೇರೆ ಯಾರದೋ ಕೈ ಸೇರುತ್ತದೆ. ‘ಅಕ್ಕನಿಗಾಗಿ ಅಂಚೆಯವನಿಗೆ ಪತ್ರ ಕೊಟ್ಟಳು’ ಎಂದು ಎರಡನ್ನೂ ಒಟ್ಟಿಗೆ ಇಡಲೂಬಹುದು, ಅಂದರೆ ಅವೆರಡರ ಜಾಗವೇ ಬೇರೆ.

ನನಗೆ ಈ ವಾರ ಅತ್ಯಂತ ಸಂತೋಷ ಕೊಟ್ಟದ್ದು ‘ಮಾಡಿಕೊಡು’. ‘ಮಗುವಿಗೆ ದೋಸೆ ಮಾಡಿಕೊಟ್ಟಳು’ ಎಂದೊಡನೆ ಮಗು ಅಡ್ಜಂಕ್ಟ್ ಆಗಿ ಉಳಿಯುವುದಿಲ್ಲ. ‘ಮಾಡಿಕೊಟ್ಟಿದ್ದಾಳೆ, ಯಾರಿಗೆಂದು ತೀರ್ಮಾನಿಸಿಲ್ಲ’ ಎನ್ನಲಾಗದು. ‘ಅಜ್ಜಿಗಾಗಿ ಮಗುವಿಗೆ ದೋಸೆ ಮಾಡಿಕೊಟ್ಟಳು’ ಎಂದರೆ ದೋಸೆ ಮಗುವಿನ ತಟ್ಟೆಗೇ ಬೀಳುತ್ತದೆ, ಅಜ್ಜಿಯ ಮಾತು ನಡೆಯಿತು ಅಷ್ಟೆ. ದೋಸೆ ಅದೇ, ಮಗು ಅದೇ, ವಿಭಕ್ತಿಯೂ ಅದೇ. ಸೇರಿದ್ದು ‘ಕೊಡು’ ಮಾತ್ರ, ಪಡೆಯುವವನ ಜಾಗವನ್ನು ತಂದದ್ದೂ ಅದೇ. ಹಾಗಾಗಿ ‘ಬರೆದುಕೊಡು’, ‘ಓದಿಕೊಡು’, ‘ಹೊಲಿದುಕೊಡು’ ಇವಕ್ಕೆಲ್ಲ ಪ್ರತ್ಯೇಕ ಸಾಲು ತೆರೆದೆ. ಮೂಲ ಕ್ರಿಯಾಪದದ ಸಾಲಿನಲ್ಲೇ ಇವನ್ನು ತುರುಕಿದ್ದು ನನ್ನ ಹಳೆಯ ತಪ್ಪು.

‘ಹೆದರು’ ಬಂದಾಗ ಎರಡು ಪರೀಕ್ಷೆಗಳೂ ಬೇರೆ ಬೇರೆ ಉತ್ತರ ಕೊಟ್ಟವು. ‘ಸುಮ್ಮನೆ ಹೆದರಿದೆ, ಯಾವುದಕ್ಕೂ ಅಲ್ಲ’ ಎನ್ನಬಹುದು, ಅಂದರೆ ಆ ಪದ ಕಡ್ಡಾಯವಲ್ಲ. ಆದರೆ ‘ನಾಯಿಗೆ ಹೆದರಿದ’ ಎಂಬುದು ‘ನಾಯಿಗಾಗಿ ಹೆದರಿದ’ ಆದರೆ ಭಯದ ದಿಕ್ಕೇ ಬದಲಾಗಿ, ಈಗ ಅಪಾಯದಲ್ಲಿರುವುದು ನಾಯಿ. ಭಯ ಹುಟ್ಟಿಸುವುದಕ್ಕೆ ‘-ಗೆ’ಯನ್ನು ಗೊತ್ತುಮಾಡುವುದು ‘ಹೆದರು’ ತಾನೇ, ಆದ್ದರಿಂದ ನಾನು ಎರಡನೆಯ ಪರೀಕ್ಷೆಯ ಕಡೆ ನಿಂತೆ. ಬಿಡಬಹುದಾದದ್ದೆಲ್ಲ ಅಡ್ಜಂಕ್ಟ್ ಅಲ್ಲ. ಪಟ್ಟಿಯಲ್ಲಿ ‘ಐಚ್ಛಿಕ ಆರ್ಗ್ಯುಮೆಂಟ್’ ಎಂಬ ಮೂರನೆಯ ಗುರುತು ಹಾಕಿ, ‘ನಾಚು’, ‘ಅಂಜು’, ‘ಬೆದರು’ ಮೂರನ್ನೂ ಅದರಡಿ ಮರುಪರಿಶೀಲನೆಗೆ ಇಟ್ಟಿದ್ದೇನೆ.