ಸಿಸಿಎನ್‌ಎ ಸಾಕಾ, ಲ್ಯಾಬ್ ಪರೀಕ್ಷೆ ಬೇಕಾ?

"ಸರ್, ಸಿಸಿಎನ್‌ಎ ಅಂದ್ರೆ ಬರೀ ಟಿಕ್ ಹಾಕೋ ಪರೀಕ್ಷೆ ಅಂತಾರೆ. ಲ್ಯಾಬ್ ಇರೋ ಪರೀಕ್ಷೆ ಪಾಸ್ ಮಾಡಿದ್ರೆ ಮಾತ್ರ ಬೆಲೆನಾ? ಕಂಪನಿಯವರು ಯಾವುದನ್ನ ನೋಡ್ತಾರೆ?"

ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿ ಕೊಡುವ ಸರ್ಟಿಫಿಕೇಟ್ ಸಿಸಿಎನ್‌ಎ, ಮೊದಲ ಕೆಲಸಕ್ಕೆ ಅದು ಸಾಕು. ಆದರೆ ಅದನ್ನು ಲ್ಯಾಬ್ ಪರೀಕ್ಷೆಗೆ ತಯಾರಾಗುವ ಹಾಗೆ ಓದಿರಬೇಕು. ಅರ್ಜಿ ಆರಿಸುವವರು ಒಬ್ಬರು, ಎದುರು ಕೂರಿಸಿಕೊಂಡು ಕೆಲಸ ಮಾಡಿಸಿ ನೋಡುವವರು ಇನ್ನೊಬ್ಬರು. ಮೊದಲನೆಯವರಿಗೆ ಸರ್ಟಿಫಿಕೇಟ್ ಬೇಕು. ಎರಡನೆಯವರು ಅದರ ಕಡೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಡುತ್ತಾರೆ. ಶಿವಮೊಗ್ಗದಲ್ಲಿ ಕೂತು ಮಲೆನಾಡಿನ ಊರುಗಳಲ್ಲಿರುವ ಶಾಖಾ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರನ್ನು ತಗೊಳ್ಳುವಾಗ ಆ ಎರಡನೆಯ ಕುರ್ಚಿಯಲ್ಲಿ ನಾನೂ ಕೂರುತ್ತೇನೆ.

ಮೊದಲು ಒಂದು ತಿದ್ದುಪಡಿ. ಸಿಸಿಎನ್‌ಎ ಈಗ ಬರೀ ಟಿಕ್ ಹಾಕುವ ಪರೀಕ್ಷೆಯಲ್ಲ. 120 ನಿಮಿಷದ ಪರೀಕ್ಷೆಯಲ್ಲಿ ಆಯ್ಕೆ ಪ್ರಶ್ನೆಗಳ ನಡುವೆ ಕೆಲವು ಸಣ್ಣ ಲ್ಯಾಬ್‌ಗಳೂ ಬರುತ್ತವೆ. ಕಮಾಂಡ್ ಟೈಪ್ ಮಾಡಿಯೇ ಮುಗಿಸಬೇಕು. ಆದರೂ ಹೆಚ್ಚಿನ ಪಾಲು ಆಯ್ಕೆ ಪ್ರಶ್ನೆಗಳದ್ದೇ, ಅದು ನಿಜ.

ಇವೆರಡರ ನಡುವಿನ ವ್ಯತ್ಯಾಸವನ್ನು ಒಂದೇ ಪ್ರಶ್ನೆಯಲ್ಲಿ ತೋರಿಸಬಹುದು. ಎರಡು ಸ್ವಿಚ್‌ಗಳ ನಡುವೆ ಒಂದು ಟ್ರಂಕ್ ಇದೆ. ಅಂದರೆ ಒಂದೇ ಕೇಬಲ್‌ನಲ್ಲಿ ಹಲವು ವಿಎಲ್ಯಾನ್‌ಗಳು, ಒಂದೊಂದು ನಂಬರ್ ಕೊಟ್ಟು ಬೇರೆ ಬೇರೆ ಮಾಡಿದ ಜಾಲಗಳು, ಓಡಾಡುತ್ತವೆ. ಸದ್ಯಕ್ಕೆ 10, 20, 99 ಹೋಗುತ್ತಿವೆ. ಅವನ್ನು ಮುಟ್ಟದೆ ಹೊಸದಾಗಿ 30 ಸೇರಿಸಬೇಕು. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಡುತ್ತಾರೆ ಅಂದುಕೊಳ್ಳಿ:

```
switchport access vlan 30
switchport trunk allowed vlan 30
switchport trunk native vlan 30
switchport trunk allowed vlan add 30
```

ಸ್ವಲ್ಪ ಓದಿದವರು ಯಾರಾದರೂ ನಾಲ್ಕನೆಯದಕ್ಕೆ ಟಿಕ್ ಹಾಕುತ್ತಾರೆ. "ಸೇರಿಸಬೇಕು" ಅಂತ ಪ್ರಶ್ನೆಯಲ್ಲೇ ಇದೆ, `add` ಅಂತ ಉತ್ತರದಲ್ಲೇ ಇದೆ. ನೆನಪಿಲ್ಲದಿದ್ದರೂ ನೋಡಿದ ಕೂಡಲೇ ಗುರುತು ಸಿಗುತ್ತದೆ.

ಈಗ ಅದೇ ಕೆಲಸವನ್ನು ನಿಜವಾದ ಸ್ವಿಚ್ ಮೇಲೆ ಮಾಡೋಣ. ಸಾಗರದ ಒಂದು ಶಾಖೆಗೆ ಹೊಸ ಕ್ಯಾಮೆರಾ ಹಾಕಿದ್ದಾರೆ, ಅದಕ್ಕೆ ವಿಎಲ್ಯಾನ್ 30 ಬೇಕು. ನೀವು ಶಿವಮೊಗ್ಗದಿಂದ ಎಸ್ಎಸ್ಎಚ್ ಮೂಲಕ ಅಲ್ಲಿನ ಸ್ವಿಚ್‌ಗೆ ಲಾಗಿನ್ ಆಗಿದ್ದೀರಿ. ನಿಮ್ಮ ಲಾಗಿನ್ ಹೋಗುತ್ತಿರುವುದು ವಿಎಲ್ಯಾನ್ 99ರ ಮೇಲೆ, ಅದೂ ಇದೇ ಟ್ರಂಕ್‌ನಲ್ಲಿ. ಮುಂದೆ ನಾಲ್ಕು ಆಯ್ಕೆಗಳಿಲ್ಲ. ಮಿನುಗುವ ಕರ್ಸರ್ ಮಾತ್ರ ಇದೆ. `add` ಮರೆತು `switchport trunk allowed vlan 30` ಅಂತ ಹೊಡೆದು ಎಂಟರ್ ಒತ್ತುತ್ತೀರಿ.

ಸ್ವಿಚ್ ಯಾವ ತಕರಾರೂ ಮಾಡುವುದಿಲ್ಲ. ಎರರ್ ಬರುವುದಿಲ್ಲ, ಯಾಕಂದ್ರೆ ಆ ಕಮಾಂಡ್ ತಪ್ಪಲ್ಲ. "ಹಳೇ ಪಟ್ಟಿ ತೆಗೆದುಹಾಕು, ಇನ್ನು ಮೇಲೆ 30 ಮಾತ್ರ" ಅನ್ನುವುದು ಅದರ ಅರ್ಥ. ಕಚೇರಿಯ ಕಂಪ್ಯೂಟರ್‌ಗಳಿದ್ದ 10 ಹೋಯಿತು, ಫೋನ್‌ಗಳಿದ್ದ 20 ಹೋಯಿತು, 99ರ ಜೊತೆ ನಿಮ್ಮ ಲಾಗಿನ್ ಕೂಡ ಹೋಯಿತು. ಸ್ಕ್ರೀನ್ ಅಲ್ಲೇ ನಿಂತುಬಿಡುತ್ತದೆ. ನಿಮ್ಮ ಟೇಬಲ್ ಮೇಲಿನ ಫೋನ್ ರಿಂಗಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ಇಲ್ಲಿ ಉಳಿದಿರುವ ಒಂದೇ ಸಮಾಧಾನ ಅಂದರೆ, ಸೇವ್ ಮಾಡುವ ಮೊದಲೇ ಸಂಪರ್ಕ ಹೋಗಿದೆ. ಬದಲಾವಣೆ ಇರುವುದು ರನ್ನಿಂಗ್ ಕಾನ್ಫಿಗ್‌ನಲ್ಲಿ ಮಾತ್ರ. ಶಾಖೆಯಲ್ಲಿರುವ ಯಾರಿಗಾದರೂ ಫೋನ್ ಮಾಡಿ ಸ್ವಿಚ್ ಆಫ್ ಮಾಡಿಸಿ ಆನ್ ಮಾಡಿಸಿದರೆ ಹಳೇ ಕಾನ್ಫಿಗ್ ವಾಪಸ್ ಬರುತ್ತದೆ. ಬಾಗಿಲು ಹಾಕಿಕೊಂಡು ಎಲ್ಲರೂ ಮನೆಗೆ ಹೋಗಿದ್ದರೆ? ಗಾಡಿ ಹತ್ತಿ, ಮಳೆಯಲ್ಲಿ ಎಪ್ಪತ್ತು ಕಿಲೋಮೀಟರ್.

ಅನುಭವಸ್ಥರು ಅದಕ್ಕೇ ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು `reload in 10` ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಸ್ವಿಚ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಕೆಲಸ ಸರಿಯಾಗಿ ಮುಗಿದರೆ `reload cancel` ಕೊಟ್ಟು, ಆಮೇಲೆ ಸೇವ್ ಮಾಡುತ್ತಾರೆ. ಕೈಕೊಟ್ಟರೆ ಸ್ವಿಚ್ ತಾನೇ ಹಳೇ ಸ್ಥಿತಿಗೆ ಬರುತ್ತದೆ. ಆಯ್ಕೆ ಪ್ರಶ್ನೆಯಲ್ಲಿ ಸರಿಯುತ್ತರ ಹಾಕಿದ ಹುಡುಗನಿಗೆ ಈ ಅಭ್ಯಾಸ ಇದೆಯೋ ಇಲ್ಲವೋ ಅಂತ ಆ ಪ್ರಶ್ನೆಯಿಂದ ಗೊತ್ತಾಗುವುದೇ ಇಲ್ಲ.

ನಾವು ಸಂದರ್ಶನದಲ್ಲಿ ಇದನ್ನೇ ಕೊಡುತ್ತೇವೆ. ಹಳೇ ಸ್ವಿಚ್ ಎರಡು, ನಡುವೆ ಒಂದು ಕೇಬಲ್, ಒಂದು ಲ್ಯಾಪ್‌ಟಾಪ್. "30 ಸೇರಿಸಿ, ಆ ಕಡೆಯಿಂದ ಈ ಕಡೆಗೆ ಪಿಂಗ್ ಹೋಗಬೇಕು" ಅಂತ ಹೇಳಿ ಪಕ್ಕದಲ್ಲಿ ಕೂರುತ್ತೇವೆ. ಅದರಲ್ಲಿ ಇನ್ನೊಂದು ಕೊಕ್ಕೆ ಇಟ್ಟಿರುತ್ತೇವೆ: ಒಂದು ಸ್ವಿಚ್‌ನಲ್ಲಿ ವಿಎಲ್ಯಾನ್ 30 ಇನ್ನೂ ಹುಟ್ಟೇ ಇರುವುದಿಲ್ಲ. ಎರಡೂ ಕಡೆ `add` ಸರಿಯಾಗಿ ಕೊಟ್ಟರೂ ಪಿಂಗ್ ಹೋಗುವುದಿಲ್ಲ.

ತುಂಬ ಜನ ಇಲ್ಲಿ ಒದ್ದಾಡುತ್ತಾರೆ. ಕೊಟ್ಟ ಕಮಾಂಡನ್ನೇ ಮತ್ತೆ ಕೊಡುತ್ತಾರೆ, ಕೇಬಲ್ ಕಿತ್ತು ಹಾಕುತ್ತಾರೆ, ಪೋರ್ಟ್ ಶಟ್ ಮಾಡಿ ತೆಗೆಯುತ್ತಾರೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಏನೂ ಟೈಪ್ ಮಾಡುವ ಮೊದಲೇ `show interfaces trunk` ಕೊಟ್ಟು ಅದನ್ನು ನೋಟ್‌ಪ್ಯಾಡ್‌ಗೆ ಕಾಪಿ ಮಾಡಿಟ್ಟುಕೊಂಡಳು. ಕೆಲಸ ಮಾಡಿ, ಪಿಂಗ್ ಹೋಗದಿದ್ದಾಗ ಮತ್ತೆ ಅದೇ ಕಮಾಂಡ್ ಕೊಟ್ಟಳು. ಅದರ ಔಟ್‌ಪುಟ್‌ನಲ್ಲಿ ಪಟ್ಟಿಗಳು ಒಂದರ ಕೆಳಗೆ ಒಂದು ಬರುತ್ತವೆ. `Vlans allowed on trunk` ಅನ್ನುವಲ್ಲಿ 30 ಇತ್ತು. ಅದರ ಕೆಳಗಿನ `Vlans allowed and active in management domain` ಅನ್ನುವಲ್ಲಿ ಇರಲಿಲ್ಲ. "ಸರ್, ಬಿಡೋಕೆ ಒಪ್ಪಿಗೆ ಇದೆ, ಆದ್ರೆ ಈ ಸ್ವಿಚ್‌ನಲ್ಲಿ 30 ಅನ್ನೋದೇ ಇಲ್ಲ" ಅಂದಳು. `vlan 30` ಕೊಟ್ಟಳು. ಸ್ವಲ್ಪ ಹೊತ್ತಿಗೆ ಪಿಂಗ್ ಹೋಯಿತು. ಅವಳ ಹತ್ತಿರ ಇದ್ದದ್ದೂ ಸಿಸಿಎನ್‌ಎ ಮಾತ್ರ. ಅವಳಿಗಿಂತ ಮುಂಚೆ ಬಂದು ಒದ್ದಾಡಿದವನ ಹತ್ತಿರವೂ ಅದೇ.

ಲ್ಯಾಬ್ ಪರೀಕ್ಷೆ ಅಳೆಯುವುದು ಇದನ್ನೇ. ನೀವು ಯಾವ ಕಮಾಂಡ್ ಕೊಟ್ಟಿರಿ ಅನ್ನುವುದಕ್ಕಿಂತ ಕೊನೆಗೆ ನೆಟ್‌ವರ್ಕ್ ಹೇಳಿದ ಹಾಗೆ ನಡೆಯುತ್ತಿದೆಯಾ ಅಂತ ನೋಡುತ್ತಾರೆ. ಮೂರು ಹೆಜ್ಜೆ ಸರಿ ಮಾಡಿ ನಾಲ್ಕನೆಯದು ಬಿಟ್ಟರೆ ಪಿಂಗ್ ಹೋಗುವುದಿಲ್ಲ, ಅಷ್ಟೇ.

ಹಾಗಾದರೆ ಕಂಪನಿಯವರು ಲ್ಯಾಬ್ ಪರೀಕ್ಷೆಗೆ ಜಾಸ್ತಿ ಬೆಲೆ ಕೊಡುವುದು ಇದಕ್ಕೇನಾ? ಅರ್ಧ ಮಾತ್ರ. ಸಿಸ್ಕೋದ ಮೇಲಿನ ಹಂತದ ಸರ್ಟಿಫಿಕೇಟ್ ಆದ ಸಿಸಿಐಇಯ ಲ್ಯಾಬ್ ಎಂಟು ಗಂಟೆಯದ್ದು, 1993ರಿಂದಲೂ ಇರುವ ಹೆಸರು. ಅದನ್ನು ಪಾಸ್ ಮಾಡಿದವರ ಮೇಲೆ ಗೌರವ ಇದ್ದೇ ಇದೆ. ಆದರೆ ಸಿಸ್ಕೋ ಉಪಕರಣ ಮಾರುವ ಕಂಪನಿಗಳಿಗೆ ಇನ್ನೊಂದು ಲೆಕ್ಕ ಇದೆ. ಸಿಸ್ಕೋದ ಪಾರ್ಟ್ನರ್ ಆಗಿ ಮೇಲಿನ ದರ್ಜೆ ಪಡೆಯುವಾಗ ಸಂಬಳಪಟ್ಟಿಯಲ್ಲಿರುವ ಸರ್ಟಿಫೈಡ್ ಎಂಜಿನಿಯರ್‌ಗಳೂ ಲೆಕ್ಕಕ್ಕೆ ಬರುತ್ತಾರೆ. ಟೆಂಡರ್‌ಗಳಲ್ಲೂ ಹೀಗೆ ಕೇಳುವುದುಂಟು. ಅಂಥ ಕಡೆ ಸರ್ಟಿಫಿಕೇಟ್ ಇರುವವನು ಕೆಲಸ ಶುರು ಮಾಡುವ ಮೊದಲೇ ಕಂಪನಿಗೆ ಲಾಭ. ಇದನ್ನು ಯಾರೂ ಸಂದರ್ಶನದಲ್ಲಿ ಹೇಳುವುದಿಲ್ಲ, ಆದರೆ ಸಂಬಳ ಮಾತಾಡುವಾಗ ನಿಮಗೆ ಗೊತ್ತಿರಬೇಕು.

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಎಚ್‌ಆರ್‌ನವರಿಗೆ ರಾಶಿ ರಾಶಿ ಅರ್ಜಿ ಬರುತ್ತವೆ. ಅವರಿಗೆ ಟ್ರಂಕ್ ಅಂದರೇನು ಅಂತ ಗೊತ್ತಿರಬೇಕಾಗಿಲ್ಲ. "ಸಿಸಿಎನ್‌ಎ" ಅಂತ ಹುಡುಕಿದಾಗ ಸಿಗದ ಅರ್ಜಿ ಕೆಳಗೇ ಉಳಿಯುತ್ತದೆ. ನಮ್ಮ ಕಡೆಯ ಸಣ್ಣ ಇಂಟರ್ನೆಟ್ ಪೂರೈಕೆದಾರರದು ಇದಕ್ಕೆ ತದ್ವಿರುದ್ಧ. ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಕಂಬ ಹತ್ತಿಸುತ್ತಾರೆ, ರೂಟರ್ ಕೊಡುತ್ತಾರೆ, ನೋಡುತ್ತಾರೆ. ಅಲ್ಲಿ ಕಲಿತವರ ಕೈ ಚುರುಕಾಗಿರುತ್ತದೆ. ಆದರೆ ಬೆಂಗಳೂರಿಗೆ ಅರ್ಜಿ ಹಾಕುವಾಗ ತೋರಿಸಲು ಕಾಗದ ಇರುವುದಿಲ್ಲ.

ಲ್ಯಾಬ್ ಅಂದ ಮಾತ್ರಕ್ಕೆ ಅದನ್ನು ದೇವರು ಮಾಡಬೇಡಿ. ಆಯ್ಕೆ ಪ್ರಶ್ನೆಗಳ ಡಂಪ್ ಓದಿ ಪಾಸಾಗುವವರಿರುವ ಹಾಗೆ, ಸೋರಿಹೋದ ಲ್ಯಾಬ್‌ಗಳನ್ನು ಬಾಯಿಪಾಠ ಮಾಡಿ ಹೋಗುವವರೂ ಇದ್ದಾರೆ. ಅಂಥವರನ್ನು ಹಿಡಿಯುವುದು ಕಷ್ಟವೇನಲ್ಲ. ಕೆಲಸ ಮಾಡುತ್ತಿರುವ ಒಂದು ಲೈನ್ ತೋರಿಸಿ "ಇದನ್ನು ತೆಗೆದ್ರೆ ಏನಾಗುತ್ತೆ?" ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಸಿಸಿಐಇ ಲ್ಯಾಬ್‌ನಲ್ಲೇ ಈಗ ಮೊದಲ ಮೂರು ಗಂಟೆ ಉಪಕರಣ ಮುಟ್ಟುವ ಹಾಗಿಲ್ಲ. ದಾಖಲೆ, ಇಮೇಲ್, ನಕ್ಷೆ ಓದಿ ಯಾವ ವಿನ್ಯಾಸ ಸರಿ ಅಂತ ಉತ್ತರಿಸಬೇಕು, ಅದರಲ್ಲಿ ಆಯ್ಕೆ ಪ್ರಶ್ನೆಗಳೂ ಇರುತ್ತವೆ. ಉಳಿದ ಐದು ಗಂಟೆ ಕೀಬೋರ್ಡ್ ಕೆಲಸ. ಬರೀ ಕೈಚಳಕ ಸಾಲದು ಅಂತ ಅವರಿಗೂ ಗೊತ್ತು.

ಆಯ್ಕೆ ಪರೀಕ್ಷೆಗೂ ಅದರದೇ ಉಪಯೋಗ ಇದೆ. ಎರಡು ಗಂಟೆಯಲ್ಲಿ ಸಬ್‌ನೆಟ್ಟಿಂಗ್‌ನಿಂದ ವೈಫೈವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೇಳಬಹುದು. ಲ್ಯಾಬ್‌ನಲ್ಲಿ ಅಷ್ಟು ಅಗಲಕ್ಕೆ ಹೋಗಲು ಆಗುವುದಿಲ್ಲ. ಒಂದು `show` ಔಟ್‌ಪುಟ್ ಕೊಟ್ಟು "ಪಕ್ಕದ ರೂಟರ್ ಯಾಕೆ ಸಿಗುತ್ತಿಲ್ಲ" ಅಂತ ಕೇಳುವ ಒಳ್ಳೇ ಪ್ರಶ್ನೆ, ಕೆಟ್ಟ ಲ್ಯಾಬ್‌ಗಿಂತ ಮೇಲು.

ಸಿಸಿಐಇ ಲ್ಯಾಬ್ ಬೆಂಗಳೂರಲ್ಲೇ ಬರೆಯಬಹುದು, ಆದರೆ ಒಂದು ಸಲಕ್ಕೆ ಫೀಸ್ ಸಾವಿರ ಡಾಲರ್‌ಗೂ ಮೇಲೆ. ಅದಕ್ಕೂ ಮೊದಲು ಒಂದು ಕೋರ್ ಪರೀಕ್ಷೆ ಪಾಸಾಗಿರಬೇಕು. ಕಾಲೇಜು ಮುಗಿಸಿದ ಕೂಡಲೇ ಸಾಲ ಮಾಡಿ ಅದಕ್ಕೆ ಹೋಗುವುದು ಬೇಡ. ಕೆಲವು ವರ್ಷ ಕೆಲಸ ಮಾಡಿ, ಕಂಪನಿಯೇ ದುಡ್ಡು ಕಟ್ಟುವ ಹೊತ್ತಿಗೆ ಯೋಚಿಸಿ.

ಈಗ ಮಾಡಬೇಕಾದ್ದು ಇಷ್ಟು: ಸಿಸಿಎನ್‌ಎಗೆ ಓದುವಾಗ, ಕಂಪ್ಯೂಟರ್‌ನಲ್ಲೇ ಸ್ವಿಚ್, ರೂಟರ್ ಜೋಡಿಸಿ ಅಭ್ಯಾಸ ಮಾಡುವ ಪ್ಯಾಕೆಟ್ ಟ್ರೇಸರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಆಯ್ಕೆ ಪ್ರಶ್ನೆಯೊಂದು ಸಿಕ್ಕರೆ ಸರಿಯುತ್ತರ ನೋಡಿ ಮುಂದೆ ಹೋಗಬೇಡಿ. ತಪ್ಪು ಆಯ್ಕೆಗಳನ್ನೂ ಒಂದೊಂದಾಗಿ ಟೈಪ್ ಮಾಡಿ, ಪ್ರತಿ ಸಲವೂ ಏನು ಕೆಟ್ಟಿತು ಅಂತ `show` ಕೊಟ್ಟು ನೋಡಿ, ವಾಪಸ್ ಸರಿ ಮಾಡಿ. ಮೇಲಿನ ಟ್ರಂಕ್ ಪ್ರಶ್ನೆಯಿಂದಲೇ ಶುರು ಮಾಡಬಹುದು. ನಾಲ್ಕೂ ಆಯ್ಕೆಗಳನ್ನು ಹಾಕಿ ನೋಡಿದವರು ಸಂದರ್ಶನಕ್ಕೆ ಬಂದರೆ, ಮೊದಲ ಕಮಾಂಡ್‌ನಲ್ಲೇ ನಮಗೆ ಗೊತ್ತಾಗುತ್ತದೆ.