ಮೆಕ್ಕೆಜೋಳ, ಗೋವಿನಜೋಳ, mekke jola

"ಸರ್, ನಮ್ಮ ಪೇಜಿಗೆ ವಿಡಿಯೊ ಪೂರ್ತಿ ಕನ್ನಡದಲ್ಲೇ ಮಾಡ್ಬೇಕಾ, ಇಲ್ಲಾ ಇಂಗ್ಲಿಷ್ ಮಿಕ್ಸ್ ಮಾಡಿದ್ರೆ ಜಾಸ್ತಿ ಜನಕ್ಕೆ ಹೋಗುತ್ತಾ?"

ಮಾತು, ಸ್ಕ್ರೀನ್ ಮೇಲಿನ ಅಕ್ಷರ, ಟೈಟಲ್. ಮೂರಕ್ಕೂ ಬೇರೆ ಬೇರೆ ಉತ್ತರ ಇದೆ. ಮಾತಿನಲ್ಲಿ ನೋಡುವವರು ಎಷ್ಟು ಬೆರೆಸುತ್ತಾರೋ ಅಷ್ಟು ಬೆರೆಸಿ. ಸ್ಕ್ರೀನ್ ಮೇಲೆ ಕನ್ನಡ ಲಿಪಿ ಇರಲಿ. ಟೈಟಲ್‌ನಲ್ಲಿ ಎರಡೂ ಲಿಪಿ ಇರಲಿ. ಯಾಕೆ ಅಂತ ನಾನು ಮಾಡಿದ ಒಂದು ವಿಡಿಯೊ ಇಟ್ಟುಕೊಂಡೇ ಹೇಳುತ್ತೇನೆ.

ರಾಣೆಬೆನ್ನೂರಿನ ಒಂದು ಬೀಜ-ಗೊಬ್ಬರದ ಅಂಗಡಿಗೆ ನಾನು ವಿಡಿಯೊ ಮಾಡಿಕೊಡುತ್ತೇನೆ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಎಷ್ಟು ಬೆಳೆಯುತ್ತಾರೆ ಅಂತ ನಿಮಗೆ ಗೊತ್ತು. ಅದರ ಸುಳಿ ತಿನ್ನುವ ಫಾಲ್ ಆರ್ಮಿವರ್ಮ್ ಭಾರತದಲ್ಲಿ ಮೊದಲು ಕಂಡದ್ದೇ 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಆ ಹುಳದ ಮೇಲೆ ನಾನು ಮಾಡಿದ ಮೊದಲ ವಿಡಿಯೊ ಟೈಟಲ್ ಹೀಗಿತ್ತು: "ಫಾಲ್ ಆರ್ಮಿವರ್ಮ್ ಕೀಟದ ಸಮಗ್ರ ನಿರ್ವಹಣೆ". ಯಾರೂ ನೋಡಲಿಲ್ಲ. ಇಂಗ್ಲಿಷೂ ಇತ್ತು, ಕನ್ನಡವೂ ಇತ್ತು. ಆದರೆ ಎರಡೂ ರೈತರ ಬಾಯಲ್ಲಿ ಇರುವ ಮಾತಲ್ಲ.

ಆಮೇಲೆ ಒಂದು ದಿನ ಅಂಗಡಿಯ ಕೌಂಟರ್ ಪಕ್ಕ ಸುಮ್ನೆ ಕೂತೆ. ಒಬ್ಬರು ಬಂದು ತೂತು ಬಿದ್ದ ಎಲೆ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಯಾಗ ಹುಳ ಐತ್ರಿ, ಲದ್ದಿ ಹಾಕೈತಿ. ಯಾವ ಎಣ್ಣಿ ಹೊಡಿಬೇಕ್ರಿ?" ಅಂದರು. ಅಂಗಡಿಯವರು ಪೊಟ್ಟಣ ಕೊಟ್ಟ ಕೂಡಲೇ, "ಡೋಸ್ ಎಷ್ಟ್ರೀ? ಒಂದ್ ಟ್ಯಾಂಕಿಗೆ?"

ನನಗೆ ಬೇಕಿದ್ದದ್ದೆಲ್ಲ ಆ ಎರಡು ಮಾತಿನಲ್ಲೇ ಇತ್ತು. ಹುಳಕ್ಕೆ ಅವರ ಹೆಸರು ಲದ್ದಿ ಹುಳ. ಔಷಧಿಗೆ ಎಣ್ಣೆ ಅನ್ನುತ್ತಾರೆ. ಆದರೆ ಡೋಸ್‌ಗೆ 'ಪ್ರಮಾಣ' ಅನ್ನುವುದಿಲ್ಲ, ಟ್ಯಾಂಕಿಗೂ ಬೇರೆ ಹೆಸರು ಹುಡುಕುವುದಿಲ್ಲ. ಆ ಇಂಗ್ಲಿಷ್ ಪದಗಳು ಎಂದೋ ಅವರವೇ ಆಗಿವೆ. ಹಾಗಾಗಿ ನೂರಕ್ಕೆ ಎಷ್ಟು ಇಂಗ್ಲಿಷ್ ಅಂತ ಲೆಕ್ಕ ಹಾಕಬೇಡಿ. ಯಾವ ಪದ ಆ ಊರಿನ ಬಾಯಲ್ಲಿ ಆಗಲೇ ಇದೆ ಅಂತ ನೋಡಿ. ಜಯನಗರದ ಕಾಫಿ ಅಂಗಡಿಯ ರೀಲ್‌ನಲ್ಲಿ "ಸೋ ಗೈಸ್, ಬೇಸಿಕಲಿ" ಸಹಜವಾಗಿ ಕೇಳಬಹುದು. ಹೊಲದ ಬದುವಿನ ಮೇಲೆ ನಿಂತು ಹಾಗೆ ಮಾತಾಡಿದರೆ, ಈ ಮನುಷ್ಯ ನಮ್ಮವನಲ್ಲ ಅಂತ ಅನಿಸಿಬಿಡುತ್ತದೆ.

ಸ್ಕ್ರೀನ್ ಮೇಲಿನ ಅಕ್ಷರದ ವಿಷಯ ಬೇರೆ. ಬಹಳ ಜನ ಸೌಂಡ್ ಇಲ್ಲದೆ ನೋಡುತ್ತಾರೆ. ಡೋಸ್ ಅಂಥದ್ದನ್ನು ಕೇಳಿದರೂ ನೆನಪು ಉಳಿಯುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಾರೆ. ಇಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. kalu ಅಂತ ಬರೆದರೆ ಅದು ಕಾಲೋ, ಕಾಳೋ, ಕಲ್ಲೋ? ಓದುವವರು ಪ್ರತಿ ಪದಕ್ಕೂ ನಿಂತು ಊಹಿಸಬೇಕು. ಅಷ್ಟರಲ್ಲಿ ಆ ಸಾಲು ಹೋಗಿರುತ್ತದೆ.

ಒಂದು ಕಡೆ ಮಾತ್ರ ನಾನು ಇಂಗ್ಲಿಷ್ ಲಿಪಿ ಬಿಡುವುದಿಲ್ಲ. ಎಮಾಮೆಕ್ಟಿನ್ ಬೆಂಜೋಯೇಟ್ ಅಂತ ಕನ್ನಡದಲ್ಲಿ ಬರೆದು, ಕೆಳಗೆ Emamectin Benzoate 5% SG ಅಂತ ಪೊಟ್ಟಣದ ಮೇಲೆ ಇರುವ ಹಾಗೇ ಹಾಕುತ್ತೇನೆ. ಯಾಕೆಂದರೆ ರೈತರು ಆ ಸ್ಕ್ರೀನ್‌ಶಾಟ್ ಹಿಡಿದು ಅಂಗಡಿಯಲ್ಲಿ ಪೊಟ್ಟಣಕ್ಕೆ ತಾಳೆ ನೋಡುತ್ತಾರೆ. ಲೆಕ್ಕವನ್ನೂ ಬದಲಾಯಿಸಿದೆ. ಮೊದಲು "ಲೀಟರಿಗೆ 0.4 ಗ್ರಾಂ" ಅಂತ ಬರೆದಿದ್ದೆ. ಕೆಳಗೆ ಕಮೆಂಟಿನಲ್ಲಿ ಮತ್ತೆ ಮತ್ತೆ ಅದೇ ಪ್ರಶ್ನೆ: "dose estu sir". ಉತ್ತರ ವಿಡಿಯೊದಲ್ಲೇ ಇದೆ, ಆದರೂ ಕೇಳುತ್ತಿದ್ದಾರೆ ಅಂದರೆ ಅದು ತಲುಪಿಲ್ಲ ಅಂತಲೇ ಅರ್ಥ. ಈಗ "15 ಲೀಟರ್ ಟ್ಯಾಂಕಿಗೆ 6 ಗ್ರಾಂ, ಸುಳಿಯೊಳಗೆ ಬೀಳಬೇಕು" ಅಂತ ದೊಡ್ಡದಾಗಿ ಬರೆದು, ಓದಿ ಮುಗಿಯುವವರೆಗೂ ಬಿಡುತ್ತೇನೆ. ಅಂಥ ಕಮೆಂಟಿಗೆ ಉತ್ತರ ಕೊಡುವಾಗ ಅವರು ಬರೆದ ಲಿಪಿಯಲ್ಲೇ ಕೊಡುತ್ತೇನೆ. ಅವರಿಗೆ ಸುಲಭವಾದದ್ದನ್ನು ಅವರೇ ಆರಿಸಿಕೊಂಡಿದ್ದಾರಲ್ವಾ.

ಕನ್ನಡ ಲಿಪಿ ಕೈಕೊಡುವುದು ಹೆಚ್ಚಾಗಿ ಫಾಂಟ್‌ನಿಂದ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೋಸ್ಟಿಗೆ ಹಾಕಿದರೆ 'ಕನ್ನಡ' ಅನ್ನುವುದು PÀ£ÀßqÀ ಅಂತ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು. ಹಳೆಯ ಆವೃತ್ತಿಯ ಫೋಟೊಶಾಪ್‌ನಲ್ಲಿ ಪೋಸ್ಟರ್ ಮಾಡುವವರು ಟೈಪ್ ಸೆಟ್ಟಿಂಗ್‌ನಲ್ಲಿ World-Ready Layout ಆನ್ ಮಾಡದಿದ್ದರೆ 'ಸ್ಪ್ರೇ' ಒಡೆದು 'ಸ್‌ಪ್‌ರೇ' ಆಗಬಹುದು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಇನ್ನು ಟೈಟಲ್. ಓದುವಾಗ ಕನ್ನಡ ಬಯಸುವ ಜನವೇ ಹುಡುಕುವಾಗ ಇಂಗ್ಲಿಷ್ ಅಕ್ಷರ ಒತ್ತುತ್ತಾರೆ, ಫೋನಿನ ಕೀಬೋರ್ಡ್ ಹಾಗಿದೆ. ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ YouTube search ಅನ್ನುವ ಜಾಗ ನೋಡಿ. ಜನ ಏನು ಟೈಪ್ ಮಾಡಿ ನಿಮ್ಮ ವಿಡಿಯೊಗೆ ಬಂದರು ಅಂತ ಅಲ್ಲಿ ಅವರದೇ ಸ್ಪೆಲ್ಲಿಂಗ್‌ನಲ್ಲಿ ಇರುತ್ತದೆ. ಆ ಸ್ಪೆಲ್ಲಿಂಗ್ ತಿದ್ದಬೇಡಿ, ಹಾಗೇ ಬಳಸಿ. ಟೈಟಲ್‌ಗೆ 100 ಅಕ್ಷರ ಸಿಗುತ್ತದೆ, ಆದರೆ ಫೋನಿನಲ್ಲಿ ಕೊನೆಯ ಭಾಗ ಕತ್ತರಿಸಿ ಹೋಗಬಹುದು. ಅದಕ್ಕೇ ಕನ್ನಡ ಮೊದಲು ಇಡುತ್ತೇನೆ:

```
ಮೆಕ್ಕೆಜೋಳದ ಲದ್ದಿ ಹುಳಕ್ಕೆ ಯಾವ ಎಣ್ಣೆ? | mekke jola laddi hula
```

ಇಲ್ಲೊಂದು ತೊಡಕಿದೆ. ಇದೇ ಬೆಳೆಗೆ ಧಾರವಾಡದ ಕಡೆ ಗೋವಿನಜೋಳ, ಮೈಸೂರಿನ ಕಡೆ ಮುಸುಕಿನ ಜೋಳ. ಮೂರನ್ನೂ ಟೈಟಲ್‌ಗೆ ತುರುಕಿದರೆ ಓದುವುದಕ್ಕೇ ಆಗುವುದಿಲ್ಲ. ಹಾಗಾಗಿ ಟೈಟಲ್‌ನಲ್ಲಿ ಒಂದು, ಡಿಸ್ಕ್ರಿಪ್ಶನ್‌ನಲ್ಲಿ ಮೂರೂ ಎರಡೂ ಲಿಪಿಯಲ್ಲಿ, ಮಾತಿನ ಮೊದಲ ಹತ್ತು ಸೆಕೆಂಡಿನಲ್ಲಿ ಒಂದು ಸಲ ಮೂರೂ. ಆಮೇಲೆ ಮಾತಾಡುವವರು ತಮ್ಮ ಊರಿನ ಕನ್ನಡದಲ್ಲೇ ಮುಂದುವರಿಯಲಿ. ಹಾವೇರಿಯವರು ಹಾವೇರಿ ಮಾತು ಆಡಿದರೆ ಮಂಡ್ಯದವರಿಗೆ ಅರ್ಥವಾಗುತ್ತದೆ. ಮಂಡ್ಯದವರಂತೆ ನಟಿಸಿದರೆ ಎರಡು ಕಡೆಯವರಿಗೂ ಇರಿಸುಮುರಿಸು.

ಹಣ ಕೊಟ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಹಾಕುವವರಿಗೆ ಒಂದು ಮಾತು. ಅಲ್ಲಿ ಭಾಷೆ ಅಂತ 'ಕನ್ನಡ' ಆರಿಸಿದರೆ, ಮುಖ್ಯವಾಗಿ ಆ್ಯಪನ್ನೇ ಕನ್ನಡದಲ್ಲಿ ಇಟ್ಟುಕೊಂಡವರಿಗೆ ಹೋಗುತ್ತದೆ. ಕನ್ನಡ ಬಿಟ್ಟು ಬೇರೆ ಮಾತಾಡದ ಎಷ್ಟೋ ಜನರ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಭಾಷೆಯ ಜಾಗ ಖಾಲಿ ಬಿಟ್ಟು ಊರು ಆರಿಸಿ: ರಾಣೆಬೆನ್ನೂರಿಗೆ ಪಿನ್ ಹಾಕಿ, ಸುತ್ತ 40 ಕಿಲೋಮೀಟರ್. ನಿಮ್ಮ ಅಂಗಡಿ ಗಡಿಯ ಕಡೆ ಇದ್ದು, 'ಕರ್ನಾಟಕ' ಅಂತ ಮಾತ್ರ ಒತ್ತಿದರೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡದ ರೈತರು ಹೊರಗೇ ಉಳಿಯುತ್ತಾರೆ.

ಈಗ ವಿಡಿಯೊ ಹಾಕುವ ಮುಂಚೆ ಅಂಗಡಿಗೆ ಹೋಗಿ, ಅಲ್ಲಿ ನಿಂತಿರುವ ಯಾರಾದರೂ ಒಬ್ಬ ರೈತರಿಗೆ ಸೌಂಡ್ ಬಂದ್ ಮಾಡಿ ತೋರಿಸುತ್ತೇನೆ. ಮುಗಿದ ಮೇಲೆ ಫೋನ್ ಜೇಬಿಗೆ ಹಾಕಿ, "ಒಂದು ಟ್ಯಾಂಕಿಗೆ ಎಷ್ಟ್ರೀ?" ಅಂತ ಕೇಳುತ್ತೇನೆ. "ಆರು ಗ್ರಾಂ" ಅಂದರೆ ಅವತ್ತೇ ಹಾಕುತ್ತೇನೆ. ಯೋಚನೆ ಮಾಡಿದರೆ ವಾಪಸ್ ಬಂದು ಆ ಸಾಲನ್ನು ಮತ್ತೆ ಬರೆಯುತ್ತೇನೆ.