‘ಯಾವ ದಿನ ಉಡಬೇಕ್ರಿ?’ ಎಂದು ಕೇಳಿದ ಮೇಲೆ

ಹುಬ್ಬಳ್ಳಿಯ ನಮ್ಮ ಮನೆಯಿಂದ ಇಳಕಲ್ ಸೀರೆ, ಗುಳೇದಗುಡ್ಡ ಖಣ ಆನ್‌ಲೈನಿನಲ್ಲಿ ಮಾರುತ್ತೇನೆ. 2025ರ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರು. ಅದಕ್ಕೆ ಹನ್ನೆರಡು ದಿನ ಮೊದಲೇ ಕೆಲಸ ಕೈಮೀರುತ್ತಿದೆ ಅನಿಸಿ, ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದೆ: “ಹಬ್ಬದ ಕಾರಣ ಪಾರ್ಸಲ್ ತಲುಪುವುದು ಸ್ವಲ್ಪ ತಡವಾಗಬಹುದು, ದಯವಿಟ್ಟು ಸಹಕರಿಸಿ.”

ಮರುದಿನದಿಂದ ಫೋನ್ ಕೆಳಗಿಡಲು ಆಗಲಿಲ್ಲ. “ಸ್ವಲ್ಪ ಅಂದ್ರ ಎಷ್ಟ್ ದಿನಾರೀ ಅಕ್ಕಾರ? ಘಟಸ್ಥಾಪನಾಕ್ಕ ಉಡಬೇಕಂತ ತಗೊಂಡೀನ್ರಿ” ಎಂದು ಒಬ್ಬರು. ಇನ್ನೊಬ್ಬರು ಆರ್ಡರ್ ಪುಟದ ಫೋಟೊ ಕಳಿಸಿದರು. ಅದರಲ್ಲಿ Shipped ಎಂದಿತ್ತು, ಅವರ ಸೀರೆ ಮಾತ್ರ ನನ್ನ ಮಂಚದ ಮೇಲಿತ್ತು. ನಾವು ಕೊರಿಯರ್ ಚೀಟಿ ತೆಗೆದ ಕೂಡಲೇ ಆ ಪುಟ ಹಾಗೆ ತೋರಿಸುತ್ತದೆ. ಹಬ್ಬದ ದಟ್ಟಣೆಯಲ್ಲಿ ಪಿಕಪ್ ಹುಡುಗ ದಿನಕ್ಕೆ ಹದಿನೈದು ಪಾರ್ಸಲ್ ಮಾತ್ರ ಒಯ್ಯುತ್ತಿದ್ದ, ಉಳಿದವು ಚೀಟಿ ಅಂಟಿಸಿಕೊಂಡು ಮನೆಯಲ್ಲೇ ಕೂತಿರುತ್ತಿದ್ದವು. ಗಿರಾಕಿಗೆ ಅದು ಸುಳ್ಳಾಗಿ ಕಂಡರೆ ಅವರ ತಪ್ಪೇನೂ ಇಲ್ಲ.

ಆ ರಾತ್ರಿ ಬಾಕಿ ಇದ್ದ 58 ಆರ್ಡರುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. 31 ಸೀರೆ ಸಿದ್ಧ ಇದ್ದವು. 19 ಫಾಲ್ಸ್, ಕುಚ್ಚಿಗೆ ಹೋಗಿದ್ದವು. ಎಂಟು ಇನ್ನೂ ಮಗ್ಗದ ಮೇಲೆ. ಮೂರಕ್ಕೂ ತಡದ ಕಾರಣ ಬೇರೆ ಬೇರೆ, ನಾನು ಎಲ್ಲರಿಗೂ ಒಂದೇ ಮಾತು ಹೇಳಿದ್ದೆ.

ಮಗ್ಗದ ಸೀರೆಯನ್ನು ಅವಸರ ಮಾಡಿಸಲು ಬರುವುದಿಲ್ಲ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸಿದ ಮೇಲೆ ತೋಪ್‌ತೆನೆ ಸೆರಗು ಬರುತ್ತದೆ. ಪ್ರತಿ ಸೀರೆಗೂ ಈ ಹಾಸು ಹೊಸದಾಗಿ ಸಿದ್ಧವಾಗಬೇಕು. ನೇಕಾರರಿಗೆ ಫೋನ್ ಮಾಡಿದಾಗ “ಖಂಡೇಪೂಜಿಗೆ ಮಗ್ಗಕ್ಕ ಪೂಜಿ ಆಗತೈತಿ ತಂಗಿ, ಬನ್ನಿ ಕೊಡೂತನಕ ಲಾಳಿ ಮುಟ್ಟಂಗಿಲ್ಲ” ಅಂದರು. ಅಂದರೆ ಅಕ್ಟೋಬರ್ 1 ಮತ್ತು 2 ಕೆಲಸವಿಲ್ಲ. ಅದು ನನಗೆ ಮೊದಲೇ ಗೊತ್ತಿದ್ದ ವಿಷಯ, ಗಿರಾಕಿಗೆ ಹೇಳಿರಲಿಲ್ಲ ಅಷ್ಟೇ.

ಸೆಪ್ಟೆಂಬರ್ 15ರಂದು ಗುಂಪಿಗೆ ಹಾಕಿ, ಒಬ್ಬೊಬ್ಬರಿಗೂ ಬೇರೆಯಾಗಿ ಕಳಿಸಿದ ಸೂಚನೆ ಇದು:

“ನಮಸ್ಕಾರ್ರಿ. ಸೆಪ್ಟೆಂಬರ್ 14ರವರೆಗೆ ಹಣ ಕಟ್ಟಿದವರಿಗೆ ಈ ಸೂಚನೆ. ಮೊದಲು ಹೇಳಿದ ದಿನಕ್ಕೆ ಕಳಿಸಲು ನಮ್ಮಿಂದ ಆಗುತ್ತಿಲ್ಲ, ಕ್ಷಮಿಸಿ.

ಸಿದ್ಧ ಸೀರೆ ಮತ್ತು ಖಣ 17ರೊಳಗೆ ನಮ್ಮ ಮನೆ ಬಿಡುತ್ತವೆ. ದೊಡ್ಡ ಊರುಗಳಿಗೆ 22ರೊಳಗೆ, ಹಳ್ಳಿಗಳಿಗೆ 26ರೊಳಗೆ ತಲುಪುತ್ತವೆ. ಫಾಲ್ಸ್, ಕುಚ್ಚು ಹೇಳಿದವರ ಸೀರೆ 22ಕ್ಕೆ ಹೊರಟು 29ರೊಳಗೆ ತಲುಪುತ್ತದೆ. ಮಗ್ಗದ ಮೇಲಿರುವ ಸೀರೆ ನವರಾತ್ರಿಗೆ ಬರುವುದಿಲ್ಲ. ಅಕ್ಟೋಬರ್ 10ಕ್ಕೆ ಹೊರಟು 17ರೊಳಗೆ, ದೀಪಾವಳಿಗೆ ಮೊದಲು ನಿಮ್ಮ ಕೈಯಲ್ಲಿರುತ್ತದೆ. ನಿಮ್ಮದು ಯಾವುದು ಎಂದು ಕೆಳಗೆ ಬರೆದಿದ್ದೇನೆ.

ನಿಮಗೆ ಸೀರೆ ಯಾವ ದಿನ ಉಡಬೇಕು ತಿಳಿಸಿ. ಈ ದಿನಗಳು ಹೊಂದದಿದ್ದರೆ ಪೂರ್ತಿ ಹಣ ಮೂರು ದಿನದಲ್ಲಿ ವಾಪಸ್. ಹೇಳಿದ ದಿನ ದಾಟಿ ಬಂದರೂ ಸೀರೆ ಹಿಂದಿರುಗಿಸಬಹುದು, ಕೊರಿಯರ್ ಖರ್ಚು ನಮ್ಮದು.”

ಕೊನೆಯ ಸಾಲು ಬರೆಯಲು ಕೈ ತಡೆಯಿತು. ಆದರೆ ಇ-ಕಾಮರ್ಸ್ ಕುರಿತ 2020ರ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲೇ, ಹೇಳಿದ ಅವಧಿ ಮೀರಿ ತಲುಪಿದ ಮಾಲನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದಿದೆ. ವಿನಾಯಿತಿ ಇರುವುದು ಯಾರ ಕೈಯಲ್ಲೂ ಇಲ್ಲದ ಅನಾಹುತಕ್ಕೆ. ಪ್ರತಿ ವರ್ಷ ಬರುವ ನವರಾತ್ರಿಯನ್ನು ನಾನು ಅನಾಹುತ ಅನ್ನಲಾರೆ.

ಐದು ಜನ ಹಣ ವಾಪಸ್ ಪಡೆದರು. ಉಳಿದವರ ಉತ್ತರಗಳೇ ನನ್ನ ಕೆಲಸದ ರೀತಿ ಬದಲಿಸಿದವು. ಫಾಲ್ಸಿಗೆ ಹೋಗಿದ್ದ 19ರಲ್ಲಿ ಹನ್ನೊಂದು ಜನರಿಗೆ ಸೀರೆ ಬೇಕಾಗಿದ್ದು ದೀಪಾವಳಿಗೆ ಅಥವಾ ಆಮೇಲಿನ ಮದುವೆಗೆ. ಮೂವರು “ಫಾಲ್ಸ್ ಇಲ್ಲದನ ಕಳಿಸ್ರಿ, ಇಲ್ಲೇ ಹಚ್ಚಿಸ್ತೀವಿ” ಅಂದರು. ನಿಜವಾಗಿ ಅವಸರವಿದ್ದವರು ಐದೇ ಜನ. ಹಣ ಬಂದ ಸರತಿ ಬಿಟ್ಟು ಉಡುವ ದಿನದ ಸರತಿ ಹಿಡಿದಾಗ, ಆ ಐದು ಸೀರೆ 22ರ ಬದಲು 18ಕ್ಕೇ ಹೊರಟವು.

ಒಂದು ಲೆಕ್ಕ ತಪ್ಪಿತು. ಕಲಬುರಗಿ ಕಡೆಯ ಹಳ್ಳಿಯ ಪಾರ್ಸಲ್ ತಾಲ್ಲೂಕು ಊರಿನವರೆಗೆ ಬೇಗ ಹೋಗಿ ಅಲ್ಲಿ ಒಂಬತ್ತು ದಿನ ನಿಂತಿತು. ಆ ಊರಿಗೆ ಕೊರಿಯರ್ ಗಾಡಿ ನಿತ್ಯ ಹೋಗುವುದಿಲ್ಲವಂತೆ. ಸೀರೆ ಸಿಕ್ಕಿದ್ದು ಬನ್ನಿ ಮುಗಿದು ಎರಡು ದಿನಕ್ಕೆ. ಆಕೆ ಹಿಂದಿರುಗಿಸಿದರು, ಹಣ ಅಂದೇ ಕಳಿಸಿದೆ. ಈಗ ಹಳ್ಳಿಯ ಪಿನ್‌ಕೋಡ್ ಬಂದರೆ ಹಣ ತೆಗೆದುಕೊಳ್ಳುವ ಮೊದಲೇ ಕೊರಿಯರಿನವರನ್ನು ಕೇಳುತ್ತೇನೆ, ಅನುಮಾನ ಬಂದರೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಆರ್ಡರ್ ಬರೆದುಕೊಳ್ಳುವ ಪುಸ್ತಕದಲ್ಲಿ ವಿಳಾಸದ ಪಕ್ಕ ಒಂದು ಗೆರೆ ಎಳೆದು ‘ಉಡುವ ದಿನ’ ಎಂದು ಬರೆದಿದ್ದೇನೆ.